ಹನ್ನೆರಡು ನಿಮಿಷದ ಕಸದ ಜಗಳ: ನನ್ನ ಅನುಭವ

"ಹಸಿ ಕಸ, ಒಣ ಕಸ ಬೇರೆ ಮಾಡಿ ಅನ್ನೋಕೆ ಬೀದಿ ನಾಟಕನಾ? ಯಾರು ನಿಂತು ನೋಡ್ತಾರೆ?" ಅಂತ ನಮ್ಮ ತಂಡದವರೇ ನಕ್ಕಿದ್ದರು. ಮೊದಲ ಎರಡು ಪ್ರದರ್ಶನದಲ್ಲಿ ಅವರ ಮಾತೇ ನಿಜವಾಯಿತು. ಮೂರನೆಯದರಿಂದ ನಾಟಕ ಕುದುರಿತು. ಈಗ ಬೆಂಗಳೂರಿನ ಹದಿನಾರೋ ಹದಿನೇಳೋ ಬೀದಿಗಳಲ್ಲಿ ಆಡಿದ್ದೇವೆ. ಅಂದು ನಕ್ಕವರಲ್ಲಿ ಒಬ್ಬರು ಈಗ ಗುಜರಿಯವನ ಪಾತ್ರ ಬಿಟ್ಟುಕೊಡಲ್ಲ.

ಮೊದಲ ಸ್ಕ್ರಿಪ್ಟ್ ಇಪ್ಪತ್ತೈದು ನಿಮಿಷದ್ದು. ತಮಟೆ, ಮೇಳದ ಹಾಡು, ಇಬ್ಬರು ಹೆಂಗಸರ ಜಗಳ, ಆಮೇಲೆ ಒಬ್ಬ ಅಧಿಕಾರಿ ಬಂದು 2016ರ ಘನತ್ಯಾಜ್ಯ ನಿಯಮ, ದಂಡ ಎಲ್ಲ ವಿವರಿಸುತ್ತಿದ್ದ. ಅವನು ಬಾಯಿ ತೆರೆಯುವ ಹೊತ್ತಿಗೆ ಎದುರಿಗೆ ಉಳಿದಿದ್ದವರು ನಾಲ್ಕು ಮಕ್ಕಳು. ಮೈಕು, ಸ್ಪೀಕರ್ ಬಾಡಿಗೆ, ಬ್ಯಾನರ್, ಊಟ ಸೇರಿ ನಾಲ್ಕೂವರೆ ಸಾವಿರದ ಹತ್ತಿರ ಹೋಯಿತು, ಹೆಚ್ಚಿನ ಪಾಲು ನನ್ನ ಜೇಬಿನದೇ.

ಅಧಿಕಾರಿಯನ್ನು ಕಿತ್ತು ಹಾಕಿದೆ. ಮೈಕೂ ಹೋಯಿತು. ತಮಟೆಯನ್ನೂ ಬಿಟ್ಟಾಗ ಹಳಬರು ಬೈದರು, ಜನ ಹೇಗೆ ಸೇರ್ತಾರೆ ಅಂತ. ಜಗಳದಷ್ಟು ಜನ ಸೇರಿಸೋ ವಾದ್ಯ ಇನ್ನೊಂದಿಲ್ಲ ಅಂತ ನನಗೆ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ಎಂಟರ ಸುಮಾರಿಗೆ, ಯಾವ ಘೋಷಣೆಯೂ ಇಲ್ಲದೆ, ಬೀದಿ ನಡುವೆ ಹೀಗೆ ಶುರು:

ಶಾರದಮ್ಮ: ರೀ ಗಿರಿಜಮ್ಮ, ನಮ್ ಗೇಟ್ ಮುಂದೆ ಕವರ್ ಇಟ್ಟೋರು ನೀವೇ ತಾನೆ?

ಗಿರಿಜಮ್ಮ: ಕವರ್ ಮೇಲೆ ನನ್ ಹೆಸರು ಬರ್ದಿದ್ಯಾ?

ಶಾರದಮ್ಮ: ಮೇಲಿಲ್ಲ, ಒಳಗಿದೆ. (ಕವರ್ ಹರಿದು ಸುರಿದು) ತಗೊಳ್ಳಿ, ನಿಮ್ ಕರೆಂಟ್ ಬಿಲ್!

ಗಿರಿಜಮ್ಮ: ಬಿಲ್ ನಂದು. ಹುಳಿ ನಂದಲ್ಲ. ನಾವು ಹುಳಿಗೆ ಇಷ್ಟೊಂದು ನೀರು ಹಾಕಲ್ಲ!

ಇಷ್ಟರಲ್ಲಿ ಮಹಡಿಗಳಿಂದ ತಲೆಗಳು ಹೊರಬಂದಿರುತ್ತವೆ. ನಿಜವಾದ ಜಗಳ ಅಂದುಕೊಂಡು ಬಿಡಿಸಲು ಬರುವವರನ್ನು ಹೇಗೆ ನಾಟಕದೊಳಗೇ ಎಳೆದುಕೊಳ್ಳುತ್ತೇವೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಅದು ನಮ್ಮ ಕಸುಬು.

ಕಸ ಸುರಿಯುವುದು ಹಳೇ ಬಿಳಿ ಬೆಡ್‌ಶೀಟ್ ಮೇಲೆ. ಡಾಂಬರಿನ ಮೇಲೆ ಸುರಿದರೆ ಹಿಂದಿನ ಸಾಲಿಗೆ ಏನೂ ಕಾಣಲ್ಲ. ಬಿಳಿ ಬಟ್ಟೆಯ ಮೇಲೆ ಹುಳಿಯ ಹಳದಿ ಕಲೆ ಪೇಪರ್, ಹಾಲಿನ ಕವರ್, ಡಬ್ಬ ಎಲ್ಲಕ್ಕೂ ಹಬ್ಬುತ್ತಾ ಹೋಗುವುದು ಎಲ್ಲರಿಗೂ ಕಾಣುತ್ತೆ. ವಾಸನೆಯೂ ಇರಲಿ ಅಂತ ಒಮ್ಮೆ ಎರಡು ದಿನದ ಅಸಲಿ ಕಸ ತಂದಿದ್ದೆ. ಮೊದಲ ಮಾತಿಗೇ ಬೀದಿನಾಯಿ ಬಂದು ಕವರ್ ಎಳೆದುಕೊಂಡು ಓಡಿತು. ಅಂದಿನಿಂದ ಆ ದಿನದ ಸಿಪ್ಪೆ, ಅರಿಶಿನದ ನೀರು ಅಷ್ಟೇ.

ನಾಟಕ ತಿರುಗುವುದು ಗುಜರಿಯವನಿಂದ. ಅವನು ತಕ್ಕಡಿ ಹಿಡಿದು ಬಂದು ಒಣ ಪೇಪರನ್ನು ತೂಗುತ್ತಾನೆ, ದುಡ್ಡು ಎಣಿಸುತ್ತಾನೆ. ಹುಳಿ ಸೋರುವ ಪೇಪರ್ ಎತ್ತಿ, "ಇದನ್ನ ಕೊಂಡ್ಕೊಳ್ಳೋಕೆ ನಾನೇನು ಹೋಟ್ಲು ಇಟ್ಟಿದ್ದೀನಾ ಅಕ್ಕ?" ಅಂತಾನೆ. ಅಧಿಕಾರಿ ಹತ್ತು ನಿಮಿಷ ಹೇಳಿದ್ದನ್ನು ಇವನು ಒಂದು ಸಾಲಿನಲ್ಲಿ ಮುಗಿಸುತ್ತಾನೆ.

ಆಮೇಲೆ ಹಸಿ ಕಸಕ್ಕೆ ಹಸಿರು ಬಕೆಟ್, ಪ್ಯಾಡಿನಂಥದ್ದಕ್ಕೆ ಕೆಂಪು ಬಕೆಟ್, ಒಣ ಕಸಕ್ಕೆ ಒಂದು ಚೀಲ. ಗಿರಿಜಮ್ಮ ಬೇಕೆಂದೇ ತಪ್ಪು ತಪ್ಪಾಗಿ ಹಾಕುತ್ತಾಳೆ, ಜನ ಕೂಗಿ ತಿದ್ದುತ್ತಾರೆ. ಮೊಟ್ಟೆ ಸಿಪ್ಪೆ ಹಸಿರಿಗೆ, ತೊಳೆದ ಹಾಲಿನ ಕವರ್ ಚೀಲಕ್ಕೆ. ಪೇಪರಲ್ಲಿ ಸುತ್ತಿದ ಪ್ಯಾಡ್ ಕೆಂಪಿಗೆ ಅನ್ನುವಾಗ ಗಂಡಸರು ಕೆಳಗೆ ನೋಡುತ್ತಾರೆ. ಅದನ್ನು ಶಾರದಮ್ಮನೇ ಎತ್ತಿ, ಮೇಲೆ ಕೆಂಪು ಪೆನ್ನಲ್ಲಿ ಗುರುತು ಹಾಕಿ, "ನಾಳೆ ಇದನ್ನ ಮುಟ್ಟೋ ಪೌರಕಾರ್ಮಿಕಳೂ ಹೆಂಗಸೇ ಕಣ್ರೀ" ಅಂತಾಳೆ. ತೆಂಗಿನ ಚಿಪ್ಪನ್ನು ನಾನೇ ಹಸಿ ಅಂತ ಬರೆದಿದ್ದೆ. ಗುಂಪಿನಲ್ಲಿದ್ದ ಒಬ್ಬ ಪೌರಕಾರ್ಮಿಕ ಅಕ್ಕ, "ಅದು ಬೇಗ ಕೊಳೆಯಲ್ಲ ಸಾರ್, ಬೇರೆ ಇಡಿ" ಅಂದರು. ಅದೇ ಈಗ ನಮ್ಮ ಸ್ಕ್ರಿಪ್ಟಿನ ಸಾಲು.

ಎಲ್ಲ ಬೀದಿಯಲ್ಲೂ ಬರುವ ಪ್ರಶ್ನೆ ಒಂದೇ: ನಾವು ಬೇರೆ ಮಾಡಿ ಕೊಟ್ರೂ ಗಾಡಿಯಲ್ಲಿ ಒಟ್ಟಿಗೆ ಸುರೀತಾರಲ್ಲ? ಮೊದಲು ತಡವರಿಸುತ್ತಿದ್ದೆವು. ಈಗ ಅದನ್ನು ಗಿರಿಜಮ್ಮನೇ ಕೇಳುತ್ತಾಳೆ, "ಒಟ್ಟಿಗೆ ಸುರಿದ ದಿನ ಗಾಡಿ ನಿಲ್ಲಿಸಿ ಕೇಳೋಣ, ಇಬ್ರೂ ಹೋಗೋಣ" ಅಂತ ಶಾರದಮ್ಮ. ಜಗಳ ಮುಗಿಯುವುದು ಅಲ್ಲೇ. ಒಟ್ಟು ಹನ್ನೆರಡು ನಿಮಿಷ, ಖರ್ಚು ಕಾಫಿ ತಿಂಡಿ ಸೇರಿ ಎಂಟು ಒಂಬತ್ತು ನೂರು.

ಚಪ್ಪಾಳೆ ನಂಬಬೇಡಿ. ಒಂದು ಬೀದಿಯಲ್ಲಿ ಆಟಕ್ಕೆ ಮುಂಚೆ, ಆಮೇಲೆ ಗಾಡಿಯ ಹಿಂದೆ ನಡೆದು ಎಣಿಸಿದೆ. ನಲವತ್ತು ಮನೆಯಲ್ಲಿ ಬೇರೆ ಮಾಡಿ ಕೊಡುತ್ತಿದ್ದವರು ಹತ್ತು ಹನ್ನೊಂದು, ಆ ವಾರ ಇಪ್ಪತ್ತೇಳಾಯಿತು, ತಿಂಗಳ ಮೇಲೆ ಹತ್ತೊಂಬತ್ತಕ್ಕೆ ಇಳಿಯಿತು. ಇಳಿದಿದ್ದರಲ್ಲಿ ಹೆಚ್ಚಿನವು ಗಾಡಿ ಬರುವ ಮೊದಲೇ ಕೆಲಸಕ್ಕೆ ಹೊರಡುವ ಬಾಡಿಗೆ ಮನೆಗಳು. ಅವರಿಗಾಗಿ ಸಂಜೆ ಆಟ ಇಟ್ಟು ನೋಡಿದೆ, ಬೆಳಕು ಸಾಲದೆ ಬೆಡ್‌ಶೀಟಿನ ಕಲೆಯೇ ಕಾಣಲಿಲ್ಲ.

ಸ್ಕ್ರಿಪ್ಟ್ ಬೇಕಾದವರು ತೆಗೆದುಕೊಳ್ಳಿ. ಆದರೆ ಆಡುವ ಮೊದಲು ಆ ಬೀದಿಯಲ್ಲಿ ಯಾರ ಹೆಸರು ಏನು ಅಂತ ವಿಚಾರಿಸಿ. ಒಂದು ಕಡೆ ನಿಜವಾಗಿಯೂ ಗಿರಿಜಮ್ಮ ಅನ್ನೋರು ಇದ್ದರು. ಪೊರಕೆ ಹಿಡಿದು ಹೊರಬಂದವರನ್ನು ಸಮಾಧಾನ ಮಾಡಲು ನಾಟಕಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.