ನಮ್ಮ ಜನಪದ-ರಾಕ್ ತಂಡಕ್ಕೆ ಹೆಸರಿಟ್ಟ ಬಗೆ

ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದಾಗ ನಾವು ಐವರು ಗೆಳೆಯರು ಮಲೆ ಮಹದೇಶ್ವರನ ಪದಗಳನ್ನು ಎಲೆಕ್ಟ್ರಿಕ್ ಗಿಟಾರ್, ಬೇಸ್ ಮತ್ತು ಡ್ರಮ್ಸ್‌ಗಳೊಂದಿಗೆ ಹಾಡುವ ತಂಡ ಕಟ್ಟಿದೆವು. ನಮ್ಮ ಡ್ರಮ್ಮರ್ ಕಂಸಾಳೆಯ ಪೆಟ್ಟುಗಳನ್ನೇ ಹೈ-ಹ್ಯಾಟ್ ಮೇಲೆ ನುಡಿಸುತ್ತಿದ್ದುದರಿಂದ ‘ಕಂಸಾಳೆ’ ಎಂಬ ಹೆಸರೇ ಎಲ್ಲರಿಗೂ ಮೊದಲು ಹೊಳೆಯಿತು. ಆದರೆ ಕಂಸಾಳೆಯು ಬರಿಯ ವಾದ್ಯವಲ್ಲ. ಮಾದಪ್ಪನ ಹೆಸರಿನಲ್ಲಿ ದೀಕ್ಷೆ ಪಡೆದ ದೇವರಗುಡ್ಡರು ವ್ರತವೆಂದು ಹಿಡಿಯುವ ಕಂಚಿನ ತಾಳವದು. ನಮಗೆ ಪದಗಳನ್ನು ಕಲಿಸಿದ ಹಿರಿಯರನ್ನು ಕೇಳಿದಾಗ ಅವರು, “ಪದ ಹಾಡ್ಕಳಿ ಮಕ್ಕಳಾ, ಆ ಹೆಸ್ರು ಮಾತ್ರ ಬ್ಯಾಡ, ಅದು ದೀಕ್ಷೆ ತಕ್ಕಂಡೋರ್ದು” ಎಂದರು. ಅಲ್ಲಿಗೆ ಆ ಹೆಸರನ್ನು ಕೈಬಿಟ್ಟೆವು. ವಾದ್ಯ, ಕುಣಿತ ಅಥವಾ ಸಮುದಾಯದ ಹೆಸರನ್ನು ತಂಡಕ್ಕೆ ಇಡುವ ಮುನ್ನ ಅದರ ವಾರಸುದಾರರನ್ನು ಕೇಳಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾಗಿ ಹಾಡುಗಳ ಒಳಗಿನಿಂದ ಹೆಸರು ಹುಡುಕುವ ಬದಲು ಅವು ಸಾಗಿಬಂದ ದಾರಿಯತ್ತ ನೋಡಿದೆವು. ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಪರಸೆಯವರು ನಡೆಯುತ್ತಲೇ ಹಾಡುತ್ತಾರೆ. ಹಳೆಯ ತಲೆಮಾರಿನವರು ಆ ದೂರವನ್ನು ಹರದಾರಿಗಳಲ್ಲಿ ಹೇಳುತ್ತಿದ್ದರು. ಹೀಗೆ ‘ಹರದಾರಿ’ ನಮ್ಮ ಪಟ್ಟಿಗೆ ಸೇರಿತು.

ಪಟ್ಟಿಯ ಪ್ರತಿಯೊಂದು ಹೆಸರನ್ನೂ ಫೋನಿನಲ್ಲಿ ಪರಿಚಿತರಿಗೆ ಒಮ್ಮೆ ಹೇಳಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸುವಂತೆ ಕೇಳಿಕೊಂಡೆವು. ಕೇಳುಗರು ಹಾಡನ್ನು ಹುಡುಕುವುದು ಹೆಚ್ಚಾಗಿ ಆ ಅಕ್ಷರಗಳಲ್ಲೇ ಆದ್ದರಿಂದ ಈ ಪರೀಕ್ಷೆ ಅಗತ್ಯವಾಗಿತ್ತು. ‘ಗೆಣೆಕಾರ’ ಎಂಬ ಹೆಸರು ಒಬ್ಬೊಬ್ಬರಿಂದ ಒಂದೊಂದು ರೂಪದಲ್ಲಿ ಬಂದಿತು. ‘ಹರದಾರಿ’ಯಲ್ಲಿ ಳಕಾರ, ಣಕಾರಗಳಿಲ್ಲ, Haradari, Haradaari ಎಂಬ ಎರಡೇ ರೂಪಗಳು ಬಂದವು, ನಾವು ಮೊದಲನೆಯದನ್ನು ಇಟ್ಟುಕೊಂಡೆವು.

ಮುಂದಿನದು ಆ ಹೆಸರು ಬೇರೆಯವರದ್ದಾಗಿದೆಯೇ ಎಂಬ ಪರಿಶೀಲನೆ. ಹಾಡುಗಳನ್ನು ಪ್ರಕಟಿಸುವ ಆ್ಯಪ್‌ಗಳಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಒಬ್ಬರ ಹಾಡು ಇನ್ನೊಬ್ಬರ ಪುಟಕ್ಕೆ ಹೋಗಿ ಸೇರುವುದುಂಟು. ಅದನ್ನು ಬೇರ್ಪಡಿಸಲು ಪತ್ರವ್ಯವಹಾರವೇ ಬೇಕಾಗುತ್ತದೆ. ಆದ್ದರಿಂದ ಅಲ್ಲಿ ಹುಡುಕಿದ ಮೇಲೆ, ಕೇಂದ್ರ ಸರ್ಕಾರದ ಟ್ರೇಡ್‌ಮಾರ್ಕ್ ತಾಣದ ಉಚಿತ ಹುಡುಕಾಟದಲ್ಲಿ ಸಂಗೀತ ಕಾರ್ಯಕ್ರಮಗಳು ಬರುವ 41ನೆಯ ವರ್ಗವನ್ನು ಆರಿಸಿ, ಪದವನ್ನು ಮಾತ್ರವಲ್ಲದೆ ಉಚ್ಚಾರಣೆಯಲ್ಲಿ ಹೋಲುವ ಹೆಸರುಗಳನ್ನೂ ನೋಡಿದೆವು. ಕೇಳಲು ಹತ್ತಿರವಾದ ಹೆಸರಿದ್ದರೂ ನೋಂದಣಿಗೆ ಆಕ್ಷೇಪ ಬರಬಹುದು. ‘ಜಾನಪದ ರಾಕ್ ಬಳಗ’ದಂತಹ ಬರಿಯ ವಿವರಣೆಯ ಹೆಸರುಗಳಿಗಂತೂ ನೋಂದಣಿ ಸಿಗುವುದೇ ಕಷ್ಟ.

ಕಾಲೇಜು ಗೆಳೆಯರ ತಂಡಕ್ಕೆ ಇನ್ನೊಂದು ವಿಶೇಷ ತೊಡಕಿದೆ: ಓದು ಮುಗಿದ ಮೇಲೆ ಯಾರಾದರೂ ಕೆಲಸಕ್ಕೆಂದು ಬೇರೆ ಊರಿಗೆ ಹೊರಡುವುದು ಖಚಿತ. ಆದ್ದರಿಂದ ಹೆಸರು ನಿಶ್ಚಯವಾದ ದಿನವೇ ಒಂದು ಹಾಳೆಯ ಒಪ್ಪಂದ ಬರೆದು ಐವರೂ ಸಹಿ ಹಾಕಿದೆವು. ಕನಿಷ್ಠ ಮೂವರು ಮೂಲ ಸದಸ್ಯರು ಒಟ್ಟಿಗೆ ನುಡಿಸುತ್ತಿರುವವರೆಗೆ ಹೆಸರು ಅವರದು. ಬಿಟ್ಟುಹೋದವರು ತಮ್ಮನ್ನು ಹರದಾರಿಯ ಹಿಂದಿನ ಸದಸ್ಯರೆಂದು ಹೇಳಿಕೊಳ್ಳಬಹುದು, ಆದರೆ ಆ ಹೆಸರಿನಲ್ಲಿ ಬೇರೆ ತಂಡ ಕಟ್ಟುವಂತಿಲ್ಲ. ಮೂವರಿಗಿಂತ ಕಡಿಮೆಯಾದರೆ ಆ ಹೆಸರನ್ನು ಯಾರೂ ಬಳಸುವಂತಿಲ್ಲ.