ಕಾಲು ಕೆಜಿ ಬಿಳಿಗಾರ, ಒಂದು ಬ್ಯೂರೆಟ್, ಮತ್ತು ΔG°

ΔG° = −RT ln K ಅನ್ನುವುದನ್ನು ಬೋರ್ಡಿನ ಮೇಲೆ ಬರೆಯುವುದು ಸುಲಭ. ಅದನ್ನೇ ಬ್ಯೂರೆಟ್ ರೀಡಿಂಗ್‌ನಿಂದ ತೆಗೆದು ತೋರಿಸುತ್ತೇನೆ ಅಂದಾಗ ಲ್ಯಾಬಿನಲ್ಲಿ ಯಾರೂ ನಂಬಲಿಲ್ಲ. ಥರ್ಮೋಸ್ಟಾಟ್ ವಾಟರ್ ಬಾತ್ ಇಲ್ಲ, ಸಾಮಾನೆಲ್ಲ ಗ್ರಂದಿಗೆ ಅಂಗಡಿಯದು, ಇದರಲ್ಲಿ ಮುಕ್ತ ಶಕ್ತಿ ಎಲ್ಲಿಂದ ಬರುತ್ತದೆ ಅನ್ನುವುದು ಅವರ ವಾದ. ಈಗ ಮೂರು ಬ್ಯಾಚ್ ಮಾಡಿ ಆಗಿದೆ. 25 ಡಿಗ್ರಿಯಲ್ಲಿ ΔG° ಪ್ರತಿ ಸಲವೂ 10.4 kJ ಆಸುಪಾಸಿಗೇ ಬಂದು ನಿಂತಿದೆ.

ಆರಿಸಿಕೊಂಡದ್ದು ಬಿಳಿಗಾರದ ಕರಗುವಿಕೆ. ಬೊರಾಕ್ಸ್ ಹರಳು ಕರಗಿದಾಗ ಎರಡು ಸೋಡಿಯಂ ಅಯಾನು, ಒಂದು ಬೋರೇಟ್ ಅಯಾನು ಬರುತ್ತವೆ. ಹಾಗಾಗಿ ಸಂತೃಪ್ತ ದ್ರಾವಣದ ಸಾಂದ್ರತೆ s ಆದರೆ K = 4s³. ಬೋರೇಟ್ ಒಂದನ್ನು ಅಳೆದರೆ ಸಾಕು, ಸೋಡಿಯಂ ಅದರ ಎರಡರಷ್ಟು ಇದ್ದೇ ಇರುತ್ತದೆ. ಅಳೆಯುವುದಕ್ಕೆ ಸುಮಾರು 0.2 M HCl, ಮೀಥೈಲ್ ರೆಡ್. ಒಂದು ಬೋರೇಟಿಗೆ ಎರಡು ಆಮ್ಲ. ಫಿನಾಫ್ತಲೀನ್ ಹಾಕಬೇಡಿ. ಕೊನೆಗೆ ಉಳಿಯುವುದು ಬೋರಿಕ್ ಆಮ್ಲ, ಎಂಡ್ ಪಾಯಿಂಟ್ pH 5ರ ಹತ್ತಿರ ಇರುತ್ತದೆ. ಫಿನಾಫ್ತಲೀನ್ ಅದಕ್ಕಿಂತ ಎಷ್ಟೋ ಮೊದಲೇ ಬಣ್ಣ ಬಿಟ್ಟು ಮೋಸ ಮಾಡುತ್ತದೆ.

ಖರ್ಚಿನ ಲೆಕ್ಕ ಹೇಳಿಬಿಡುತ್ತೇನೆ. ಕಾಲು ಕೆಜಿ ಬಿಳಿಗಾರಕ್ಕೆ 50 ರೂಪಾಯಿಯೋ 60 ರೂಪಾಯಿಯೋ ಕೊಟ್ಟ ನೆನಪು. ಬಾತ್ ಬದಲಿಗೆ ಥರ್ಮೋಕೋಲ್ ಡಬ್ಬಿಯೊಳಗೆ ಕೂರುವ ದೊಡ್ಡ ಅಲ್ಯೂಮಿನಿಯಂ ಪಾತ್ರೆ, ಪಕ್ಕದಲ್ಲಿ ಒಂದು ಫ್ಲಾಸ್ಕ್ ಬಿಸಿನೀರು. ಐದು ಐದು ನಿಮಿಷಕ್ಕೆ ಅರ್ಧ ಲೋಟ ಸೇರಿಸುತ್ತಿದ್ದರೆ ತಾಪ ಅರ್ಧ ಡಿಗ್ರಿಯೊಳಗೆ ನಿಲ್ಲುತ್ತದೆ. ಆದರೆ ಅಂಗಡಿಯವರು ಬಿಳಿಗಾರ ಅಂತ ಪಟಿಕ ಕೊಡುವುದೂ ಉಂಟು, ಎರಡೂ ನೋಡಲು ಬಿಳಿ ಗಡ್ಡೆಯೇ. ಚಿಟಿಕೆ ಪುಡಿಯನ್ನು ನೀರಿನಲ್ಲಿ ಕದಡಿ ಅರಿಶಿನ ಹಾಕಿ ನೋಡಿ. ಬಿಳಿಗಾರವಾದರೆ ಕೆಂಪಗಾಗುತ್ತದೆ, ಪಟಿಕವಾದರೆ ಹಳದಿಯೇ ಉಳಿಯುತ್ತದೆ. ಕುಂಕುಮ ಮಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆಮೇಲೆ ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಒಂದು ಸಲ ಮತ್ತೆ ಹರಳುಗಟ್ಟಿಸಲೇಬೇಕು. 50 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳಿ.

ದಾಟಿದರೆ ಏನಾಗುತ್ತದೆ ಅನ್ನುವುದು ಮೊದಲ ಸೋಲಿನಲ್ಲೇ ಗೊತ್ತಾಯಿತು. ಜಾಸ್ತಿ ಬಿಂದು ಸಿಗಲಿ ಎಂದು 65 ಡಿಗ್ರಿವರೆಗೂ ಹೋದದ್ದಕ್ಕೆ ΔH ತೆಗೆಯುವ ln K ಮತ್ತು 1/T ಗ್ರಾಫ್ ಮೇಲ್ತುದಿಯಲ್ಲಿ ಬಾಗಿಬಿಟ್ಟಿತು. 60 ಡಿಗ್ರಿ ದಾಟಿದ ಮೇಲೆ ತಳದಲ್ಲಿರುವ ಹರಳು ಹತ್ತು ನೀರಿನ ಬೊರಾಕ್ಸ್ ಆಗಿ ಉಳಿಯುವುದಿಲ್ಲ, ಐದು ನೀರಿನದಾಗುತ್ತದೆ. ಘನ ಬದಲಾದರೆ ಸಮತೋಲನವೇ ಬೇರೆ, ಅದರ K ಬೇರೆ, ΔH ಬೇರೆ. ಎರಡು ಬೇರೆ ಕ್ರಿಯೆಗಳ ಬಿಂದುಗಳನ್ನು ಒಂದೇ ಗೆರೆಗೆ ಎಳೆಯಲು ಹೋಗಿ ಎರಡು ದಿನ ಹಾಳಾಯಿತು.

ಎರಡನೆಯ ಸೋಲು ಪಿಪೆಟ್ಟಿನದು, ಅದನ್ನು ಕಂಡುಹಿಡಿಯಲು ಇನ್ನೂ ಹೆಚ್ಚು ಹೊತ್ತು ಹಿಡಿಯಿತು. 25 ಡಿಗ್ರಿಯಲ್ಲಿ 5 mL ದ್ರಾವಣಕ್ಕೆ 7.8 mL ಆಮ್ಲ, ಎಲ್ಲ ಸರಿ. 45ರಲ್ಲಿ 19.7 ಬರಬೇಕಾದದ್ದು 17ರ ಹತ್ತಿರವೇ ನಿಲ್ಲುತ್ತಿತ್ತು. ΔH 110 ಬದಲಿಗೆ 92 kJ! ಆಮ್ಲ ತಪ್ಪೇ, ಥರ್ಮಾಮೀಟರ್ ತಪ್ಪೇ ಎಂದು ಎರಡನ್ನೂ ಬದಲಿಸಿ ನೋಡಿದ್ದಾಯಿತು. ತಪ್ಪಿದ್ದದ್ದು ಪಿಪೆಟ್ಟಿನ ಮೂತಿಯಲ್ಲಿ. ತಣ್ಣನೆಯ ಗಾಜಿಗೆ ಬಿಸಿ ದ್ರಾವಣ ತಾಗಿದ ಕ್ಷಣವೇ ಸೂಜಿಯಂಥ ಹರಳುಗಳು ಒಳಗೋಡೆಗೆ ಕೂರುತ್ತಿದ್ದವು. ಪಿಪೆಟ್ಟನ್ನು ಬೆಳಕಿಗೆ ಹಿಡಿದಾಗ ಮಾತ್ರ ಕಂಡಿತು. ಈಗ ಪಿಪೆಟ್ಟನ್ನು ಅದೇ ಪಾತ್ರೆಯ ನೀರಿನಲ್ಲಿ ಬಿಸಿಯಾಗಿಟ್ಟು, ಒರೆಸಿ, ಎಳೆದು, ಫ್ಲಾಸ್ಕಿಗೆ ಬಿಟ್ಟ ಮೇಲೆ ಬಿಸಿ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ಆ ನೀರನ್ನೂ ಫ್ಲಾಸ್ಕಿಗೇ ಸೇರಿಸುತ್ತೇವೆ. ತೊಳೆದದ್ದರಿಂದ ಅರ್ಧ ಶೇಕಡಾ ಹೆಚ್ಚಾಗಬಹುದು, ಆಗಲಿ.

ಇದಕ್ಕೆ ಉಲ್ಟಾ ತಪ್ಪೂ ಇದೆ. ತಳದ ಪುಡಿ ಪಿಪೆಟ್ಟಿಗೆ ಸೇರಿದರೆ ರೀಡಿಂಗ್ ಹೆಚ್ಚಾಗುತ್ತದೆ. ಮೂರು ಸಲದ ರೀಡಿಂಗ್‌ನಲ್ಲಿ ಒಂದು ಮಾತ್ರ ಮೇಲೆ ಹಾರಿದ್ದರೆ ಇದೇ ಕಾರಣ. ಮೂತಿಗೆ ರಬ್ಬರ್ ನಳಿಕೆ, ಅದರಲ್ಲಿ ಹತ್ತಿ ಇಟ್ಟು ಎಳೆಯಬೇಕು. ಹತ್ತಿ ಎಷ್ಟು ಬಿಗಿಯಿರಬೇಕು, ದ್ರಾವಣವನ್ನು ಎಷ್ಟು ಹೊತ್ತು ಕಲಕಿ ಎಷ್ಟು ಹೊತ್ತು ಬಿಡಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ರೀಡಿಂಗ್ ಕೂಡಿಬರುವುದು ಅಲ್ಲೇ. ಇಷ್ಟು ಹೇಳಬಲ್ಲೆ: ಒಂದು ಬೀಕರನ್ನು ಮೇಲಿನ ತಾಪದಿಂದ ಇಳಿಸಿ, ಇನ್ನೊಂದನ್ನು ಕೆಳಗಿನಿಂದ ಏರಿಸಿ, ಎರಡರ ರೀಡಿಂಗೂ ಒಂದಾಗುವವರೆಗೆ ಅದು ಸಮತೋಲನವಲ್ಲ.

ಟೈಟ್ರೇಷನ್ ಯಾಕೆ, 5 mL ಒಣಗಿಸಿ ತೂಗಿದರೆ ಸಾಲದೇ ಎಂದು ಒಬ್ಬರು ಕೇಳಿದರು. ಅದನ್ನೂ ಮಾಡಿ ನೋಡಿದೆವು. ಒಲೆಯ ಮೇಲೆ ಬೊರಾಕ್ಸ್ ಉಬ್ಬಿ ಪೊರೆಪೊರೆಯಾಗಿ ನೀರು ಕಳೆದುಕೊಳ್ಳುತ್ತದೆ, ಎಷ್ಟು ಕಳೆದುಕೊಂಡಿತು ಅನ್ನುವುದು ಮಾತ್ರ ತಿಳಿಯದು. ತೂಕವನ್ನು 381ರಿಂದ ಭಾಗಿಸುವುದೋ 201ರಿಂದಲೋ? ಕೈಬಿಟ್ಟೆವು.

ಲೆಕ್ಕ ಹೀಗೆ. 25 ಡಿಗ್ರಿಯಲ್ಲಿ s = 0.2 × 7.8 ÷ 10 = 0.156 M. K = 4s³ ≈ 0.0152, ln K ≈ −4.19. RT = 8.314 × 298.15 ≈ 2479 J. ಗುಣಿಸಿದರೆ ΔG° ≈ +10.4 kJ. 35ರಲ್ಲಿ 12.3 mL, K ಸುಮಾರು 0.06, ΔG° 7.2. 45ರಲ್ಲಿ 19.7 mL, K ಸುಮಾರು 0.245, ΔG° 3.7. ಹುಡುಗರು ಕ್ಯಾಲ್ಕುಲೇಟರ್‌ನಲ್ಲಿ ln ಬದಲು log ಒತ್ತಿದರೆ 25ಕ್ಕೆ 4.5 ಬರುತ್ತದೆ. 4.5 ಕಂಡ ಕೂಡಲೇ ದ್ರಾವಣವನ್ನು ದೂರಬೇಡಿ, ಗುಂಡಿ ನೋಡಿ.

ಇಲ್ಲಿ ಒಂದು ವಿಷಯ ನನಗೆ ತಡವಾಗಿ ಹೊಳೆಯಿತು. ಬ್ಯೂರೆಟ್ಟಿನಲ್ಲಿ 2 ಶೇಕಡಾ ತಪ್ಪಿದರೆ s³ ತೆಗೆದ ಕಾರಣ K 6 ಶೇಕಡಾ ತಪ್ಪುತ್ತದೆ. ಆದರೆ ln ಅದನ್ನು ನುಂಗಿಕೊಂಡು 0.06 ಅಷ್ಟೇ ಮಾಡುತ್ತದೆ. ΔG° ಅಲುಗುವುದು 0.15 kJ. ಅಂದರೆ ΔG° ಚೆನ್ನಾಗಿ ಬಂತು ಎಂದರೆ ಪ್ರಯೋಗ ಚೆನ್ನಾಗಿ ಆಯಿತು ಎಂದಲ್ಲ. ಕೈ ಪಳಗಿದೆಯೋ ಇಲ್ಲವೋ ಹೇಳುವುದು ln K ಮತ್ತು 1/T ಗ್ರಾಫಿನ ಸ್ಲೋಪ್. 45ರ ರೀಡಿಂಗ್ ಒಂದೇ ಒಂದು mL ಕಡಿಮೆಯಾದರೆ ಅಲ್ಲಿನ ΔG° 0.4 kJ ಮಾತ್ರ ಜರುಗುತ್ತದೆ, ΔH ಮಾತ್ರ 6 kJ ಕುಸಿಯುತ್ತದೆ. ನಾನು ಬ್ಯಾಚಿನ ಅಂಕ ಕೊಡುವುದು ΔH ನೋಡಿ.

ಸಾಂದ್ರತೆಯನ್ನೇ K ಒಳಗೆ ಹಾಕಿದ್ದೀರಲ್ಲ, ಆಕ್ಟಿವಿಟಿ ಎಲ್ಲಿ ಎಂಬ ಆಕ್ಷೇಪ ನ್ಯಾಯವೇ. 25ರಲ್ಲೇ ಅಯಾನಿಕ್ ಸ್ಟ್ರೆಂತ್ 3s, ಅಂದರೆ 0.47. ನಿಜವಾದ K ಇದಕ್ಕಿಂತ ಕಡಿಮೆ. ಹಾಗಾಗಿ ಈ 10.4 ಅನ್ನು ಸಾಂದ್ರತೆಯ ಲೆಕ್ಕದ ΔG° ಎಂದೇ ದಾಖಲಿಸಬೇಕು, ಬಿಸಿ ಬಿಂದುಗಳಲ್ಲಿ ಈ ಕೊರತೆ ಇನ್ನೂ ಹೆಚ್ಚು.

ಈಗ ಕೈಯಲ್ಲಿರುವುದು ಇನ್ನೊಂದು ಪ್ರಯೋಗ. ΔH 110 kJ, ΔS ಸುಮಾರು 333 J/K ಇಟ್ಟುಕೊಂಡು ನೋಡಿದರೆ 56-57 ಡಿಗ್ರಿಯಲ್ಲಿ ΔG° ಸೊನ್ನೆಯಾಗಬೇಕು. ಅಂದರೆ K = 1, s = 0.63, ಬ್ಯೂರೆಟ್ಟಿನಲ್ಲಿ 31.5 mL. ಹರಳು ಬದಲಾಗುವ ತಾಪಕ್ಕಿಂತ ಅದು ಬರೀ ನಾಲ್ಕು ಡಿಗ್ರಿ ಕೆಳಗೆ. ಎರಡು ಸಲ ಮಾಡಿದೆವು, 29 ದಾಟಿಲ್ಲ. ಎರಡೂ ಸಲ ಪಿಪೆಟ್ಟಿನ ಮೂತಿ ಬೆಳ್ಳಗಾಗಿತ್ತು.