ಸೀಗಡಿಯ ಬೆನ್ನಿನ ಕಪ್ಪು ಗೆರೆ: ನಾನು ಅದನ್ನು ಯಾವಾಗ ತೆಗೆಯುತ್ತೇನೆ, ಯಾವಾಗ ಬಿಡುತ್ತೇನೆ

ಚಿಪ್ಪು ಬಿಡಿಸಿದ ಸೀಗಡಿಯ ಬೆನ್ನಿನುದ್ದಕ್ಕೂ ಕಾಣುವ ಕಪ್ಪು ಗೆರೆ ಅದರ ಕರುಳು. ಅದನ್ನು ರಕ್ತನಾಳ ಎಂದು ತಿಳಿದವರು ಬಹಳ ಮಂದಿ. ಸೀಗಡಿಯ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಪ್ರೋಟೀನಿನಲ್ಲಿ ಕಬ್ಬಿಣವಿಲ್ಲ, ತಾಮ್ರವಿದೆ. ಆದ್ದರಿಂದ ಆ ರಕ್ತಕ್ಕೆ ಬಣ್ಣವೇ ಇರುವುದಿಲ್ಲ, ಇದ್ದರೂ ತೆಳು ನೀಲಿ. ಕಪ್ಪಾಗಿ ಕಾಣುವುದು ಸೀಗಡಿ ಕೊನೆಯದಾಗಿ ತಿಂದದ್ದರ ಉಳಿಕೆ. ಹೊಟ್ಟೆ ಇರುವುದು ತಲೆಯ ಭಾಗದಲ್ಲಿ. ಅಲ್ಲಿಂದ ಹೊರಟ ಕರುಳು ಬೆನ್ನಿನ ಮಾಂಸದ ಮೇಲ್ಪದರದಲ್ಲೇ ಸಾಗಿ ಬಾಲದ ಬುಡದಲ್ಲಿ ಕೊನೆಗೊಳ್ಳುತ್ತದೆ. ಅದರ ಗೋಡೆ ಎಷ್ಟು ತೆಳು ಎಂದರೆ, ಒಳಗೆ ಏನೂ ಇಲ್ಲದಿದ್ದರೆ ಗೆರೆ ಇರುವುದೇ ಗೊತ್ತಾಗುವುದಿಲ್ಲ.

ಈ ಒಂದು ವಿಷಯ ಮನಸ್ಸಿಗೆ ಬಂದ ಮೇಲೆ ನಾನು ಸೀಗಡಿ ಶುಚಿ ಮಾಡುವ ರೀತಿ ಬದಲಾಯಿತು. ಕೆಸರು ತಳದಲ್ಲಿ ಮೇಯ್ದ ಸೀಗಡಿಯ ಗೆರೆ ದಪ್ಪ ಮತ್ತು ಕಡುಕಪ್ಪು. ಪಾಚಿ ತಿಂದದ್ದರ ಗೆರೆ ಹಸಿರು ಬೆರೆತ ಕಂದು. ಸಾಕಿದ ಸೀಗಡಿಗೆ ಹಿಡಿಯುವ ಮುನ್ನ ಆಹಾರ ನಿಲ್ಲಿಸಿದ್ದರೆ ಗೆರೆ ಮಸುಕಾಗಿರುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಹಾಗಿರುವಾಗ ಎಲ್ಲ ಸೀಗಡಿಗೂ ಒಂದೇ ನಿಯಮ ಹೇಳುವುದರಲ್ಲಿ ಅರ್ಥವಿಲ್ಲ. ನೋಡಬೇಕಾದದ್ದು ಗೆರೆಯೊಳಗೆ ಏನಿದೆ ಎಂಬುದನ್ನು.

ಮೊದಲು ಎಲ್ಲರೂ ಕೇಳುವ ಪ್ರಶ್ನೆ: ತೆಗೆಯದೆ ತಿಂದರೆ ಅಪಾಯವೇ? ಚೆನ್ನಾಗಿ ಬೇಯಿಸಿದ್ದರೆ ಅಪಾಯವಿಲ್ಲ. ಕರುಳಿನಲ್ಲಿ ಬ್ಯಾಕ್ಟೀರಿಯಾ ಇರುವುದು ನಿಜ. ಆದರೆ ಚಿಪ್ಪಿನ ಮೇಲೆ, ಕಿವಿರಿನಲ್ಲಿ, ಶುಚಿ ಮಾಡಿದ ನಮ್ಮ ಕೈಯಲ್ಲಿ ಕೂಡ ಅವು ಇರುತ್ತವೆ. ಮಾಂಸದ ನಡುಭಾಗ 63 ಡಿಗ್ರಿ ಸೆಲ್ಸಿಯಸ್ ತಲುಪುವಂತೆ ಬೇಯಿಸಿದರೆ ಕರುಳಿಗೂ ಅದೇ ಬಿಸಿ ತಾಗುತ್ತದೆ, ಏಕೆಂದರೆ ಅದು ಇರುವುದು ಮೇಲ್ಮೈಗೆ ಹತ್ತಿರದಲ್ಲಿ. ಥರ್ಮಾಮೀಟರ್ ಇಲ್ಲದವರು ಮಾಂಸವನ್ನೇ ನೋಡಬೇಕು. ಹಸಿಯಾಗಿದ್ದಾಗ ಅದು ಗಾಜಿನಂತೆ ಅರೆಪಾರದರ್ಶಕ. ಬೆಂದಾಗ ಅತಿ ದಪ್ಪನೆಯ ಭಾಗದ ಒಳಗೂ ಬೆಳ್ಳಗೆ ಗಟ್ಟಿಯಾಗಿರಬೇಕು. ಸಂಶಯವಿದ್ದರೆ ನಾನು ಒಂದನ್ನು ಅಡ್ಡಲಾಗಿ ಕತ್ತರಿಸಿ ನೋಡುತ್ತೇನೆ.

ಹಸಿಯಾಗಿ ಅಥವಾ ಅರೆಬೆಂದಂತೆ ತಿನ್ನುವವರ ಮಾತು ಬೇರೆ. ಅಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ಬಿಸಿಯೇ ಇಲ್ಲದಿರುವುದರಿಂದ ಕರುಳನ್ನು ತೆಗೆಯಲೇಬೇಕು. ತೆಗೆದರೂ ಅಪಾಯ ಪೂರ್ತಿ ಹೋಗುವುದಿಲ್ಲ. ನಿಂಬೆರಸದಲ್ಲಿ ನೆನೆಸಿದಾಗ ಮಾಂಸ ಬೆಳ್ಳಗಾಗುತ್ತದೆ, ಬೆಂದಂತೆ ಕಾಣುತ್ತದೆ, ಆದರೆ ಅದು ಬೆಂದಿರುವುದಿಲ್ಲ. ಇನ್ನೊಂದು ತಪ್ಪು ನಂಬಿಕೆ ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚುತ್ತದೆ. ವಾಸನೆ ಬಂದ ಸೀಗಡಿಯ ಕರುಳು ತೆಗೆದು, ಉಪ್ಪು ಅರಿಸಿನ ಹಚ್ಚಿ ತೊಳೆದರೆ ಸರಿಹೋಗುತ್ತದೆ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಅಮೋನಿಯಾದ ಘಾಟು ಬಂದಿದ್ದರೆ ಕೆಟ್ಟಿರುವುದು ಮಾಂಸ. ಅದನ್ನು ಎಸೆಯುವುದೊಂದೇ ದಾರಿ. ಸೀಗಡಿಯ ಅಲರ್ಜಿ ಇರುವವರಿಗೂ ಕರುಳು ತೆಗೆದದ್ದರಿಂದ ಏನೂ ಪ್ರಯೋಜನವಿಲ್ಲ. ಅಲರ್ಜಿ ತರುವ ಮುಖ್ಯ ಪ್ರೋಟೀನು ಇರುವುದು ಮಾಂಸದಲ್ಲೇ.

ಹಾಗಾದರೆ ನಾನು ಕರುಳು ತೆಗೆಯುವುದೇಕೆ? ಮರಳಿಗಾಗಿ, ರುಚಿಗಾಗಿ. ಇದನ್ನು ಖಚಿತಪಡಿಸಿಕೊಳ್ಳಲು ಒಂದು ಕಿಲೋ ಸೀಗಡಿಯನ್ನು ಎರಡು ಪಾಲು ಮಾಡಿ ಬೇಯಿಸಿದ್ದೆ. ಬೆರಳುದ್ದದ, ಕಪ್ಪು ಗೆರೆ ಎದ್ದು ಕಾಣುವ ಸೀಗಡಿಗಳು. ಒಂದು ಪಾಲಿನ ಕರುಳು ತೆಗೆದೆ, ಇನ್ನೊಂದನ್ನು ಹಾಗೆಯೇ ಬಿಟ್ಟೆ. ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ, ಕುದಿಯುವ ಉಪ್ಪುನೀರಿನಲ್ಲಿ ಎರಡು ಮೂರು ನಿಮಿಷ ಬೇಯಿಸಿದೆ. ಬೇರೆ ಏನನ್ನೂ ಹಾಕಲಿಲ್ಲ, ಏಕೆಂದರೆ ಖಾರ ಹುಳಿಯ ನಡುವೆ ಇಂಥ ವ್ಯತ್ಯಾಸ ಮುಚ್ಚಿಹೋಗುತ್ತದೆ. ಗೆರೆ ದಪ್ಪವಿದ್ದವುಗಳನ್ನು ಕಚ್ಚಿದಾಗ ಹಲ್ಲಿಗೆ ನುಣ್ಣನೆಯ ಮರಳು ಸಿಕ್ಕಿತು, ನಾಲಿಗೆಯ ಹಿಂಭಾಗದಲ್ಲಿ ಮಣ್ಣಿನ ವಾಸನೆಯ ಸಣ್ಣ ಕಹಿ ಉಳಿಯಿತು. ಅದೇ ಪಾಲಿನಲ್ಲಿ ಗೆರೆ ಎಳೆಯಷ್ಟು ತೆಳ್ಳಗಿದ್ದವುಗಳಿಗೂ ಕರುಳು ತೆಗೆದವುಗಳಿಗೂ ನನಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ.

ಅಲ್ಲಿಂದೀಚೆಗೆ ಕೆಲಸ ಶುರು ಮಾಡುವ ಮೊದಲು ಒಂದು ಪರೀಕ್ಷೆ ಮಾಡುತ್ತೇನೆ. ರಾಶಿಯ ಬೇರೆ ಬೇರೆ ಕಡೆಯಿಂದ ನಾಲ್ಕೈದು ಸೀಗಡಿ ಆರಿಸಿ ಕರುಳು ಎಳೆದು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹೊಸಕುತ್ತೇನೆ. ಮರಳು ಕೈಗೆ ಹತ್ತಿದರೆ ಎಲ್ಲವನ್ನೂ ಶುಚಿ ಮಾಡುತ್ತೇನೆ. ಜಾರುವ ಅಂಟು ಮಾತ್ರ ಇದ್ದರೆ ದಪ್ಪ ಗೆರೆಯವನ್ನಷ್ಟೇ ಆರಿಸಿಕೊಂಡು ಉಳಿದದ್ದನ್ನು ಬಿಡುತ್ತೇನೆ. ಕಿರುಬೆರಳಿನ ಅರ್ಧದಷ್ಟೂ ಇಲ್ಲದ ಸಣ್ಣ ಸೀಗಡಿಯಲ್ಲಿ ಕರುಳು ಹುಡುಕಲು ಹೋದರೆ ಮಾಂಸವೇ ಚೂರಾಗುತ್ತದೆ. ಅವನ್ನು ತಲೆ ಕಿತ್ತು ತೊಳೆದು ಬೇಯಿಸುತ್ತೇನೆ.

ತೆಗೆಯಲು ಹೆಚ್ಚಿನವರು ಚಾಕು ಹಿಡಿಯುತ್ತಾರೆ. ನನ್ನ ಕೈಗೆ ಒಗ್ಗಿದ್ದು ಟೂತ್‌ಪಿಕ್. ಇದಕ್ಕೆ ಚಿಪ್ಪು ಬಿಡಿಸಬೇಕಾಗಿಯೂ ಇಲ್ಲ, ಬೆನ್ನು ಸೀಳಬೇಕಾಗಿಯೂ ಇಲ್ಲ. ಮೊದಲು ತಲೆಯನ್ನು ತಿರುವಿ ಕೀಳುತ್ತೇನೆ. ಆಗ ಕರುಳಿನ ಮುಂದಿನ ತುದಿ ಬಿಡುಗಡೆಯಾಗುತ್ತದೆ, ಹಿಂದಿನ ತುದಿ ಮಾತ್ರ ಬಾಲದ ಬುಡಕ್ಕೆ ಅಂಟಿಕೊಂಡಿರುತ್ತದೆ. ತಾಜಾ ಸೀಗಡಿಯಲ್ಲಿ ತಲೆಯನ್ನು ನಿಧಾನವಾಗಿ ಎಳೆದರೆ ಕೆಲವೊಮ್ಮೆ ಕರುಳು ಅದರ ಜೊತೆಗೇ ಬಂದುಬಿಡುತ್ತದೆ. ಬಾರದಿದ್ದರೆ ಸೀಗಡಿಯನ್ನು ಎಡಗೈಯಲ್ಲಿ ಬಿಲ್ಲಿನಂತೆ ಬಾಗಿಸಿ ಹಿಡಿಯುತ್ತೇನೆ. ಬೆನ್ನಿನ ಚಿಪ್ಪಿನ ತುಂಡುಗಳ ನಡುವೆ ಸಂದು ತೆರೆದುಕೊಳ್ಳುತ್ತದೆ. ತಲೆಯ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ಮೂರನೆಯ ತುಂಡಿನ ನಡುವಿನ ಸಂದು ನನಗೆ ಅನುಕೂಲ. ಅಲ್ಲಿ ಟೂತ್‌ಪಿಕ್ಕನ್ನು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ, ಗೆರೆಯ ಅಡಿಯಿಂದ ಹಾಯುವಂತೆ ಮೂರು ನಾಲ್ಕು ಮಿಲಿಮೀಟರ್ ಆಳದಲ್ಲಿ ಚುಚ್ಚಿ ನೇರ ಮೇಲಕ್ಕೆ ಎತ್ತುತ್ತೇನೆ. ಕರುಳು ಕುಣಿಕೆಯಂತೆ ಮೇಲೆ ಬರುತ್ತದೆ. ಅಲ್ಲಿಂದ ಬೆರಳಿನಿಂದ ಹಿಡಿದು ಮೊದಲು ತಲೆಯ ಕಡೆಯದನ್ನು, ಆಮೇಲೆ ಬಾಲದ ಕಡೆಯದನ್ನು ಎಳೆಯುತ್ತೇನೆ.

ಎಳೆಯುವ ವೇಗದಲ್ಲೇ ಎಲ್ಲವೂ ಇದೆ. ಜಗ್ಗಿದರೆ ಕರುಳು ತುಂಡಾಗುತ್ತದೆ. ತುಂಡಾದರೆ ಮುಂದಿನ ಸಂದಿನಲ್ಲಿ ಮತ್ತೆ ಚುಚ್ಚಿ ಉಳಿದದ್ದನ್ನು ಎತ್ತುತ್ತೇನೆ. ಕೊನೆಯ ತುಂಡಿನಲ್ಲಿ, ಬಾಲದ ಹತ್ತಿರ, ಚಿಕ್ಕ ಮೊಟಕು ಉಳಿಯುವುದು ಸಾಮಾನ್ಯ. ಬಾಲವನ್ನು ಹೇಗೂ ತಿನ್ನದೆ ಬಿಡುವುದಾದರೆ ಅದರ ಹಿಂದೆ ಹೋಗುವ ಅಗತ್ಯವಿಲ್ಲ.

ಹೆಪ್ಪುಗಟ್ಟಿದ ಸೀಗಡಿಯಲ್ಲಿ ನನಗೆ ಅತಿ ಹೆಚ್ಚು ಸಮಯ ಉಳಿಸಿದ್ದು ಒಂದು ಸಣ್ಣ ಹೊಂದಾಣಿಕೆ. ಅದು ಪೂರ್ತಿ ಕರಗುವವರೆಗೆ ಕಾಯುವುದಿಲ್ಲ. ಹೊರಭಾಗ ಬಾಗುವಷ್ಟು ಮೆತ್ತಗಾಗಿ, ಒಳಗೆ ಇನ್ನೂ ಮಂಜಿನ ಬಿಗಿ ಇರುವಾಗಲೇ ಕೆಲಸ ಶುರು ಮಾಡುತ್ತೇನೆ. ಆಗ ಕರುಳೊಳಗಿನ ವಸ್ತುವೂ ಅರೆಗಟ್ಟಿ ಇರುವುದರಿಂದ ಇಡೀ ಎಳೆ ಒಂದೇ ಸಲಕ್ಕೆ ಬರುತ್ತದೆ. ಪೂರ್ತಿ ಕರಗಿದ ಮೇಲೆ ಕರುಳು ಮೆತ್ತಗಾಗಿ ಒಡೆದು, ಒಳಗಿನದು ಮಾಂಸಕ್ಕೆ ಮೆತ್ತಿಕೊಳ್ಳುತ್ತದೆ. ಹಾಗಾದಾಗ ಬೆನ್ನನ್ನು ಚಾಕುವಿನಿಂದ ಸೀಳಿ, ಹರಿಯುವ ತಣ್ಣೀರಿನಲ್ಲಿ ಕ್ಷಣಕಾಲ ತೊಳೆದು ಒರೆಸುವುದೇ ಸರಿ. ನೀರಿನಲ್ಲಿ ಮುಳುಗಿಸಿ ಇಡುವುದಿಲ್ಲ, ಮಾಂಸದ ಸಿಹಿ ನೀರಿಗೆ ಹೋಗುತ್ತದೆ.

ಚಾಕು ಬಳಸಿದರೆ ಸೀಳು ಎರಡು ಮೂರು ಮಿಲಿಮೀಟರ್ ಮೀರಬಾರದು. ಆಳಕ್ಕೆ ಸೀಳಿದ ಸೀಗಡಿ ಬಿಸಿಗೆ ಎರಡು ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ, ಬೇಗ ಬೆಂದು ರಬ್ಬರಿನಂತಾಗುತ್ತದೆ. ಹುರಿಯುವ ಅಡುಗೆಗೆ ರಸ ಹಿಡಿದುಕೊಳ್ಳಲಿ ಎಂದು ಬೇಕೆಂದೇ ಹೀಗೆ ಸೀಳುವುದುಂಟು. ಆಗ ಬೇಯುವ ಸಮಯವನ್ನು ಕಡಿಮೆ ಮಾಡಬೇಕು.

ಕರುಳೆಂದು ಭ್ರಮೆ ಹುಟ್ಟಿಸುವ ಗೆರೆಗಳೂ ಇವೆ. ಹೊಟ್ಟೆಯ ಕಡೆ, ಕಾಲುಗಳ ನಡುವೆ ಉದ್ದಕ್ಕೆ ಸಾಗುವ ಇನ್ನೊಂದು ಎಳೆ ಅದರ ನರತಂತು. ಸಾಮಾನ್ಯವಾಗಿ ಬೆಳ್ಳಗಿರುತ್ತದೆ, ಕೆಲವೊಮ್ಮೆ ಕಪ್ಪಾಗಿಯೂ ಕಾಣುತ್ತದೆ. ಅದರಲ್ಲಿ ಮರಳೂ ಇಲ್ಲ, ಕಹಿಯೂ ಇಲ್ಲ. ನೋಟಕ್ಕೆ ಬೇಡವೆನಿಸಿದವರು ತೆಗೆಯಬಹುದು, ನಾನು ಮುಟ್ಟುವುದಿಲ್ಲ. ಕೆಲವು ಹೆಣ್ಣು ಸೀಗಡಿಗಳ ಬೆನ್ನಿನಲ್ಲಿ, ಕರುಳಿನ ಮೇಲ್ಗಡೆ, ಹಸಿರು ಛಾಯೆಯ ಅಗಲವಾದ ಪಟ್ಟಿ ಕಾಣುತ್ತದೆ. ಅದು ಬಲಿತ ಅಂಡಾಶಯ. ಬೇಯಿಸಿದಾಗ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ತಿನ್ನಲು ರುಚಿಯಾಗಿರುತ್ತದೆ. ಕರುಳೆಂದು ತಿಳಿದು ಅದನ್ನು ಕೆರೆದು ಎಸೆಯುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ. ಗುರುತು ಸುಲಭ: ಕರುಳು ನೂಲಿನಷ್ಟು ಸಪೂರ, ಎಳೆದರೆ ಕೊಳವೆಯಾಗಿ ಬರುತ್ತದೆ; ಅಂಡಾಶಯ ಅಗಲ, ತಲೆಯ ಕಡೆಗೆ ಇನ್ನೂ ದಪ್ಪವಾಗುತ್ತದೆ, ಮುಟ್ಟಿದರೆ ಸಣ್ಣ ಕಾಳುಗಳಂತೆ ಪುಡಿಯಾಗುತ್ತದೆ. ಚಿಪ್ಪಿನ ಅಂಚಿನಲ್ಲಿ, ಸಂದುಗಳಲ್ಲಿ ಮೂಡುವ ಕಪ್ಪು ಮಚ್ಚೆಗಳಿಗೂ ಕರುಳಿಗೂ ಸಂಬಂಧವಿಲ್ಲ. ಸತ್ತ ಮೇಲೆ ಗಾಳಿ ತಾಗಿ, ಸೀಗಡಿಯದೇ ಕಿಣ್ವದಿಂದ ಬರುವ ಬಣ್ಣ ಅದು. ಮಚ್ಚೆಯಿಂದ ಹಾನಿಯಿಲ್ಲ, ಆದರೆ ಹಿಡಿದು ಸ್ವಲ್ಪ ಹೊತ್ತಾಗಿದೆ ಎಂಬ ಸೂಚನೆಯಾಗಿ ನಾನು ಅದನ್ನು ನೋಡುತ್ತೇನೆ, ಮೂಸಿ ನೋಡದೆ ಒಳಗೆ ತರುವುದಿಲ್ಲ.

ಸಮಯ ತೀರಾ ಕಡಿಮೆ ಇದ್ದು ಎರಡರಲ್ಲಿ ಒಂದೇ ಕೆಲಸ ಮಾಡಲು ಸಾಧ್ಯವಿರುವಾಗ ನಾನು ಕರುಳನ್ನು ಬಿಟ್ಟು ತಲೆಯನ್ನು ಕೀಳುತ್ತೇನೆ. ಜೀರ್ಣಕಾರಿ ಗ್ರಂಥಿ ಇರುವುದು ತಲೆಯ ಭಾಗದಲ್ಲಿ. ಸೀಗಡಿ ಸತ್ತ ಮೇಲೆ ಅದರ ಕಿಣ್ವಗಳು ಸೋರಿ, ಕುತ್ತಿಗೆಯ ಹತ್ತಿರದ ಮಾಂಸವನ್ನು ಮೊದಲು ಮೆತ್ತಗಾಗಿಸುತ್ತವೆ. ತಲೆ ತೆಗೆದು, ತೊಳೆದು, ಮಂಜುಗಡ್ಡೆಯ ನಡುವೆ ಇಟ್ಟರೆ ಕರುಳಿನ ಕೆಲಸವನ್ನು ಅಡುಗೆಯ ಹೊತ್ತಿಗೆ ನಿಧಾನವಾಗಿ ಮಾಡಿಕೊಳ್ಳಬಹುದು.